ಮೂರು ತಿಂಗಳ ಅಂಗಿ, ಆರು ವಾರದ ಕೂಸು

ನಾಮಕರಣ ಮುಗಿದ ಮನೆಯಲ್ಲಿ ಬಟ್ಟೆಯ ಪೊಟ್ಟಣಗಳು ಗುಡ್ಡೆ ಬಿದ್ದಿರುತ್ತವೆ. ಬಾಣಂತಿಗೆ ಅವನ್ನೆಲ್ಲ ಬಿಚ್ಚಿ ನೋಡುವಷ್ಟು ಪುರುಸೊತ್ತು ಸಿಗುವುದು ಒಂದೆರಡು ವಾರ ಕಳೆದ ಮೇಲೆ. ಅಷ್ಟರಲ್ಲಿ ‘ನ್ಯೂಬಾರ್ನ್’ ಎಂದು ಕತ್ತಿನ ಪಟ್ಟಿಯಲ್ಲಿ ಬರೆದಿದ್ದ ಅಂಗಿಯ ಟಿಚ್ ಬಟನ್‌ಗಳು ಕಾಲ ಸಂದಿಯಲ್ಲಿ ಒಂದನ್ನೊಂದು ಮುಟ್ಟುವುದಿಲ್ಲ. ಮಗು ವಯಸ್ಸಿಗೆ ಮೀರಿ ಬೆಳೆದುಬಿಟ್ಟಿತೇ ಎಂದು ಮನೆಯವರು ಕೇಳಿಕೊಳ್ಳುತ್ತಾರೆ. ಹೆಚ್ಚಿನ ಪಾಲು ಹಾಗೇನೂ ಆಗಿರುವುದಿಲ್ಲ. ಮಗು ತನ್ನ ಪಾಡಿಗೆ ಎಲ್ಲ ಮಕ್ಕಳಂತೆ ಬೆಳೆಯುತ್ತಿದೆ. ಅಂಗಿಯ ಮೇಲೆ ಬರೆದ ಅಳತೆಯೇ ಅಷ್ಟು ಕಡಿಮೆ ದಿನಗಳಿಗೆ ಮಾಡಿದ್ದು.

ಮಗುವಿನ ಬಟ್ಟೆಯನ್ನು ಹೊಲಿಯುವ ಕಾರ್ಖಾನೆಗೆ ತಿಂಗಳ ಲೆಕ್ಕ ಬೇಕಿಲ್ಲ. ಅಲ್ಲಿ ಬೇಕಾಗಿರುವುದು ಸೆಂಟಿಮೀಟರು. ಯುರೋಪಿನ ಉಡುಪು ಅಳತೆಯ ಮಾನದಂಡವಾದ ಇಎನ್ 13402ರಲ್ಲಿ ಮಕ್ಕಳ ಬಟ್ಟೆಗೆ ಮೊದಲ ಆಧಾರ ಮಗುವಿನ ಉದ್ದ, ಅಂದರೆ ನೆತ್ತಿಯಿಂದ ಹಿಮ್ಮಡಿಯವರೆಗಿನ ಅಳತೆ. 50, 56, 62, 68, 74, 80 ಹೀಗೆ 6 ಸೆಂಟಿಮೀಟರಿಗೆ ಒಂದರಂತೆ ಮೆಟ್ಟಿಲುಗಳು. ನಮ್ಮ ಮಾಲ್‌ಗಳಲ್ಲಿ ಸಿಗುವ ಎಷ್ಟೋ ಅಂಗಿಗಳ ಚೀಟಿಯಲ್ಲೂ ಈ ಅಂಕಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಪಕ್ಕದಲ್ಲಿ ದೊಡ್ಡದಾಗಿ ಬರೆದ ‘0–3 ತಿಂಗಳು’ ಎಂಬುದು ಕೊಳ್ಳುವವರ ಅನುಕೂಲಕ್ಕೆ ಆಮೇಲೆ ಸೇರಿಸಿದ ಅಂದಾಜು. ಇಂತಿಷ್ಟು ತಿಂಗಳ ಮಗು ಸಾಮಾನ್ಯವಾಗಿ ಇಂತಿಷ್ಟು ಉದ್ದ ಇರುತ್ತದೆ ಎಂಬ ಲೆಕ್ಕ ಅದು. ಬಹುತೇಕ ಕಂಪನಿಗಳ ಪಟ್ಟಿಯಲ್ಲಿ 56 ಎಂದರೆ 56 ಸೆಂ.ಮೀ. ಆಗುವ ತನಕ ಎಂದರ್ಥ. ಅದು ಮೇಲಿನ ಮಿತಿ. ಕೊಳ್ಳುವವರು ಅದನ್ನು ನಡುವಿನ ಅಳತೆ ಎಂದು ಓದಿಕೊಳ್ಳುತ್ತಾರೆ. ಗೊಂದಲದ ಅರ್ಧ ಭಾಗ ಇಲ್ಲೇ ಹುಟ್ಟುತ್ತದೆ.

ಇನ್ನರ್ಧ ಭಾಗ ಮಗು ಬೆಳೆಯುವ ವೇಗದಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಪಟ್ಟಿಗಳು ಇದನ್ನು ನೋಡಲು ಒಳ್ಳೆಯ ಸಾಧನ. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳ ಆರೋಗ್ಯವಂತ ಮಕ್ಕಳನ್ನು ಅಳೆದು ಮಾಡಿದ ಪಟ್ಟಿ ಅದು; ಭಾರತದ ಮಕ್ಕಳನ್ನು ಅಳೆದದ್ದು ದೆಹಲಿಯಲ್ಲಿ. ಅದರ ಪ್ರಕಾರ ನಡುಮಟ್ಟದ ಗಂಡುಮಗು ಹುಟ್ಟುವಾಗ 49.9 ಸೆಂ.ಮೀ. ಉದ್ದ ಇರುತ್ತದೆ. ಒಂದು ತಿಂಗಳಿಗೆ 54.7, ಎರಡು ತಿಂಗಳಿಗೆ 58.4, ಮೂರು ತಿಂಗಳಿಗೆ 61.4, ಆರು ತಿಂಗಳಿಗೆ 67.6. ಹೆಣ್ಣುಮಗು ಇದಕ್ಕಿಂತ ಒಂದೆರಡು ಸೆಂಟಿಮೀಟರು ಕಡಿಮೆ.

ಈ ಅಂಕಿಗಳನ್ನು ಬಟ್ಟೆಯ ಮೆಟ್ಟಿಲುಗಳ ಪಕ್ಕ ಇಟ್ಟು ನೋಡಿ. 50ರಿಂದ 56ಕ್ಕೆ ಏರಲು ಆ ಮಗುವಿಗೆ ಹಿಡಿಯುವುದು ಸುಮಾರು ಆರು ವಾರ. 56ರಿಂದ 62ಕ್ಕೆ ಎಂಟು ವಾರ. 62ರಿಂದ 68ಕ್ಕೆ ಮೂರು ತಿಂಗಳು. 68ರಿಂದ 74ಕ್ಕೆ ನಾಲ್ಕು ತಿಂಗಳಿಗೂ ಹೆಚ್ಚು. ಅಲ್ಲಿಂದ 80 ಮುಟ್ಟಲು ಹತ್ತಿರ ಹತ್ತಿರ ಐದು ತಿಂಗಳು. ಏಣಿಯ ಮೆಟ್ಟಿಲುಗಳೆಲ್ಲ ಒಂದೇ ಅಂತರದಲ್ಲಿವೆ, ಹತ್ತುವವನು ಮಾತ್ರ ಕೆಳಗಿನ ಮೆಟ್ಟಿಲುಗಳನ್ನು ಓಡಿ ಹತ್ತಿ ಮೇಲೆ ಹೋದಂತೆ ನಿಧಾನ ಮಾಡುತ್ತಾನೆ. ಒಂಬತ್ತು ತಿಂಗಳ ಮಗುವಿಗೆ ತಂದ ಅಂಗಿ ಎರಡು ವಾರ ಕಪಾಟಿನಲ್ಲಿ ಉಳಿದರೂ ನಷ್ಟವಿಲ್ಲ. ಹಸುಗೂಸಿಗೆ ತಂದದ್ದು ಎರಡು ವಾರ ಉಳಿದರೆ ಅದರ ಆಯುಷ್ಯದ ಮೂರನೇ ಒಂದು ಭಾಗ ಮುಗಿದಿರುತ್ತದೆ.

ನ್ಯೂಬಾರ್ನ್ ಅಳತೆಗೆ ಇನ್ನೊಂದು ತೊಂದರೆಯೂ ಇದೆ. ಉಳಿದೆಲ್ಲ ಅಳತೆಗಳನ್ನು ಮಗು ಕೆಳಗಿನಿಂದ ಬಂದು ಪ್ರವೇಶಿಸುತ್ತದೆ. ಮೊದಲು ಸ್ವಲ್ಪ ಸಡಿಲ, ಆಮೇಲೆ ಸರಿ, ಕೊನೆಗೆ ಬಿಗಿ. ನ್ಯೂಬಾರ್ನ್ ಅಳತೆಗೆ ಈ ಮೊದಲ ಹಂತ ಇಲ್ಲದೇ ಹೋಗಬಹುದು, ಏಕೆಂದರೆ ಕೆಲವು ಮಕ್ಕಳು ಹುಟ್ಟುವಾಗಲೇ ಅದರ ಮೇಲಿನ ಮಿತಿಯಲ್ಲಿರುತ್ತವೆ. ಆ ಮಿತಿ ಎಲ್ಲಿದೆ ಎಂಬುದೂ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವ ನ್ಯೂಬಾರ್ನ್ ಬಟ್ಟೆ 5ರಿಂದ 8 ಪೌಂಡ್ ತೂಕದ ಮಗುವಿಗೆ, ಅಂದರೆ ಸುಮಾರು 2.3ರಿಂದ 3.6 ಕೆ.ಜಿ.ಗೆ. ಬ್ರಿಟನ್ನಿನ ಹಲವು ಅಂಗಡಿಗಳಲ್ಲಿ ಅದೇ ಹೆಸರಿನ ಬಟ್ಟೆ 4.5 ಕೆ.ಜಿ.ಯವರೆಗೆ, 56 ಸೆಂ.ಮೀ. ಉದ್ದದವರೆಗೆ. ಹೆಸರು ಒಂದೇ, ನಡುವೆ ಹತ್ತಿರ ಹತ್ತಿರ ಒಂದು ಕಿಲೋ ಅಂತರ. ಹಸುಗೂಸಿನ ಪಾಲಿಗೆ ಅದು ಒಂದು ತಿಂಗಳ ಬೆಳವಣಿಗೆ.

ಅಮೆರಿಕದ ಚೀಟಿಯಲ್ಲಿ ಇನ್ನೊಂದನ್ನು ಗಮನಿಸಬೇಕು. ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋದ ನಮ್ಮ ಕಡೆಯ ಅಮ್ಮಂದಿರು ಇಲ್ಲಿ ಎಡವುವುದುಂಟು. ‘3 ತಿಂಗಳು’ ಎಂದು ಒಂದೇ ಅಂಕಿ ಬರೆದಿದ್ದರೆ ಅದು ಮೂರು ತಿಂಗಳು ತುಂಬಿದ ಮಗುವಿಗಲ್ಲ, ಮೂರು ತಿಂಗಳು ತುಂಬುವ ತನಕ. ‘6 ತಿಂಗಳು’ ಎಂದಿದ್ದರೆ ಮೂರರಿಂದ ಆರರ ನಡುವಿನ ಮಗುವಿಗೆ. ಆರು ತುಂಬಿದ ದಿನ ತೊಡಿಸೋಣ ಎಂದು ಎತ್ತಿಟ್ಟರೆ ಆ ದಿನಕ್ಕೆ ಅದು ಹಿಡಿಯುವುದಿಲ್ಲ.

ತಿಂಗಳಿಗಿಂತ ತೂಕವನ್ನು ನಂಬುವುದು ಏಕೆ ಒಳ್ಳೆಯದು ಎಂಬುದಕ್ಕೆ ಎರಡು ಮಕ್ಕಳನ್ನು ಕಲ್ಪಿಸಿಕೊಳ್ಳೋಣ. ಒಂದು ಹೆಣ್ಣುಮಗು, ಹುಟ್ಟುವಾಗ 2.8 ಕೆ.ಜಿ. ಭಾರತದಲ್ಲಿ ಹುಟ್ಟುವ ಮಕ್ಕಳ ಸರಾಸರಿ ತೂಕವೂ ಇದರ ಆಸುಪಾಸಿನಲ್ಲೇ ಇದೆ. ಇನ್ನೊಂದು ಗಂಡುಮಗು, 3.6 ಕೆ.ಜಿ. ಎರಡೂ ಒಂದೇ ದಿನ ಹುಟ್ಟಿದವು ಎಂದಿಟ್ಟುಕೊಳ್ಳಿ. ಎಲ್ಲ ಮಕ್ಕಳಂತೆ ಇವೂ ಮೊದಲ ಮೂರ್ನಾಲ್ಕು ದಿನದಲ್ಲಿ ತೂಕ ಕಳೆದುಕೊಳ್ಳುತ್ತವೆ. ಶೇಕಡಾ 7ರಷ್ಟು ಎಂದುಕೊಂಡರೆ ಹೆಣ್ಣುಮಗು 2.6ಕ್ಕೆ, ಗಂಡುಮಗು 3.35ಕ್ಕೆ ಇಳಿಯುತ್ತದೆ. ಹತ್ತರಿಂದ ಹದಿನಾಲ್ಕು ದಿನದ ಒಳಗೆ ಹುಟ್ಟಿದ ತೂಕಕ್ಕೆ ಮರಳುತ್ತವೆ. ಅಲ್ಲಿಂದ ಮುಂದೆ ದಿನಕ್ಕೆ ಸುಮಾರು 30 ಗ್ರಾಂ ಏರಿಕೆ.

ಅಮೆರಿಕದ ಪಟ್ಟಿಯ ನ್ಯೂಬಾರ್ನ್ ಅಂಗಿಯನ್ನು ಇಬ್ಬರಿಗೂ ತೊಡಿಸಿ. ಗಂಡುಮಗು ಎರಡನೇ ವಾರದ ಕೊನೆಗೆ ಮತ್ತೆ 3.6 ಮುಟ್ಟುತ್ತದೆ, ಅಲ್ಲಿಗೆ ಅಂಗಿಯ ಮಿತಿ ಮುಗಿಯಿತು. ಹೆಣ್ಣುಮಗು ಅದೇ 3.6 ಮುಟ್ಟುವುದು ಆರನೇ ವಾರದಲ್ಲಿ, ಅಂದರೆ ಪೆಂಟಾವೇಲೆಂಟ್ ಲಸಿಕೆಯ ಮೊದಲ ಡೋಸಿಗೆ ಹೋಗುವ ಹೊತ್ತಿಗೆ. ಒಂದೇ ಅಂಗಿ ಒಬ್ಬರಿಗೆ ಎರಡು ವಾರ, ಇನ್ನೊಬ್ಬರಿಗೆ ಆರು ವಾರ ಬಂತು. ಮುಂದಿನ ಅಳತೆಯಾದ ‘0–3 ತಿಂಗಳು’ ಅದೇ ಪಟ್ಟಿಯಲ್ಲಿ ಸುಮಾರು 5.7 ಕೆ.ಜಿ.ವರೆಗೆ. ಗಂಡುಮಗು ಅದನ್ನು ಹನ್ನೆರಡನೇ ವಾರಕ್ಕೆ ದಾಟುತ್ತದೆ. ತೂಕದ ಏರಿಕೆ ಆ ಹೊತ್ತಿಗೆ ಸ್ವಲ್ಪ ನಿಧಾನವಾಗುವುದರಿಂದ ಹೆಣ್ಣುಮಗುವಿಗೆ ಅದು ನಾಲ್ಕು ತಿಂಗಳು ತುಂಬುವ ತನಕವೂ ಹಿಡಿಸುತ್ತದೆ. ಇಬ್ಬರೂ ಆರೋಗ್ಯವಾಗಿದ್ದಾರೆ, ಇಬ್ಬರ ವಯಸ್ಸೂ ಒಂದೇ. ಚೀಟಿಯ ತಿಂಗಳು ಮಾತ್ರ ಇಬ್ಬರಿಗೂ ಸರಿಹೋಗಲಿಲ್ಲ.

ಡೈಪರ್ ಪೊಟ್ಟಣ ನೋಡಿದವರಿಗೆ ಈ ಮಾತು ಸುಲಭವಾಗಿ ಹೊಳೆಯುತ್ತದೆ. ಅದರ ಮೇಲೆ ಯಾರೂ ತಿಂಗಳನ್ನು ಮುಖ್ಯವಾಗಿ ಬರೆಯುವುದಿಲ್ಲ, ಕಿಲೋ ಬರೆಯುತ್ತಾರೆ. ಒಂದು ಅಳತೆ 5 ಕೆ.ಜಿ.ವರೆಗೆ ಎಂದಿದ್ದರೆ ಮುಂದಿನದು 4 ಕೆ.ಜಿ.ಯಿಂದಲೇ ಶುರುವಾಗುತ್ತದೆ, ನಡುವೆ ಒಂದರ ಮೇಲೊಂದು ಹಾಯುವ ಜಾಗ ಬಿಟ್ಟಿರುತ್ತಾರೆ. ಬಟ್ಟೆಯ ಪಟ್ಟಿಗಳಲ್ಲಿ ಒಂದು ಮುಗಿದ ಗೆರೆಯಲ್ಲೇ ಇನ್ನೊಂದು ಶುರು. ಗೆರೆಯ ಮೇಲೆ ನಿಂತ ಮಗುವಿಗೆ ಯಾವಾಗಲೂ ಮೇಲಿನದನ್ನೇ ಆರಿಸಬೇಕು.

ಡೈಪರಿನ ಮಾತು ಬಂದದ್ದರಿಂದ ಹೇಳುತ್ತೇನೆ, ಬಟ್ಟೆ ಚಿಕ್ಕದಾಗುವುದರಲ್ಲಿ ಅದರ ಪಾಲು ದೊಡ್ಡದು. ಮಗುವಿನ ಅಳತೆ ಪಟ್ಟಿಗಳೆಲ್ಲ ಬರಿಮೈಯ ಅಳತೆಗಳು. ಕಾಲ ಸಂದಿಯಲ್ಲಿ ಬಟನ್ ಹಾಕುವ ರಾಂಪರ್ ಮೊದಲು ಬಿಗಿಯಾಗುವುದು ಹೆಗಲಿನಿಂದ ಸಂದಿಯವರೆಗಿನ ಉದ್ದದಲ್ಲಿ. ತೋಳೂ ಎದೆಯೂ ಸಡಿಲವಾಗೇ ಇರುತ್ತವೆ, ಈ ಒಂದು ಉದ್ದ ಮಾತ್ರ ಸಾಲದೆ ಹೋಗುತ್ತದೆ. ಒದ್ದೆಯಾದ ಡೈಪರ್ ಉಬ್ಬಿ ಕೆಳಗೆ ಜೋತಾಗ ಅಲ್ಲಿ ಒಂದೆರಡು ಸೆಂಟಿಮೀಟರು ತಿನ್ನುತ್ತದೆ. ಬಟ್ಟೆಯ ಲಂಗೋಟಿಯನ್ನು ಮಡಿಸಿ ಕಟ್ಟುವ ಮನೆಗಳಲ್ಲಿ ಇನ್ನೂ ಹೆಚ್ಚು. ಅಂಗಿ ಕೊಳ್ಳುವಾಗ ಬಟ್ಟೆಯ ಲಂಗೋಟಿ ಉಪಯೋಗಿಸುವವರು ಒಂದು ಅಳತೆ ಮುಂದಿನದನ್ನೇ ತೆಗೆದುಕೊಳ್ಳುವುದು ಸರಿ.

ಹಸುಗೂಸಿನ ಮೈಕಟ್ಟೂ ಬೇರೆಯೇ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 34 ಸೆಂ.ಮೀ.; ಎದೆಯ ಸುತ್ತಳತೆ ಅದಕ್ಕಿಂತ ತುಸು ಕಡಿಮೆ. ಹೊಟ್ಟೆ ದುಂಡಗೆ, ಕಾಲುಗಳು ಗರ್ಭದಲ್ಲಿದ್ದಾಗಿನ ಹಾಗೆ ಮಡಿಸಿಕೊಂಡೇ ಇರುತ್ತವೆ. ಕಂಪನಿಗಳು ಸಾಮಾನ್ಯವಾಗಿ ನಡುವಿನ ಒಂದು ಅಳತೆಗೆ ಮಾದರಿ ಕತ್ತರಿಸಿ, ಅದನ್ನು ಕ್ರಮವಾಗಿ ಹಿಗ್ಗಿಸಿ ಕುಗ್ಗಿಸಿ ಉಳಿದ ಅಳತೆಗಳನ್ನು ಮಾಡಿಕೊಳ್ಳುತ್ತವೆ. ಆರು ತಿಂಗಳ ಮಗುವನ್ನು ಎಲ್ಲ ಕಡೆಯಿಂದ ಸಮನಾಗಿ ಕುಗ್ಗಿಸಿದರೆ ಹಸುಗೂಸು ಆಗುವುದಿಲ್ಲ. ಅದರಿಂದ ಕಾಲಿನ ಕಡೆ ಬಟ್ಟೆ ಉದ್ದ ಉಳಿದು, ಸೊಂಟದ ಕಡೆ ಅಗಲ ಸಾಲದ ಅಂಗಿಗಳು ಬರುತ್ತವೆ. ಹಸುಗೂಸಿನ ಅಂಗಿಯಲ್ಲಿ ನಾನು ಮೊದಲು ನೋಡುವುದು ಸೊಂಟದ ಅಗಲವನ್ನು. ಬಣ್ಣ, ಚಿತ್ರ ಎಲ್ಲ ಆಮೇಲೆ.

ಕತ್ತಿನ ವಿಷಯದಲ್ಲಿ ಮಾತ್ರ ಕಂಪನಿಗಳು ಚೆನ್ನಾಗಿ ಯೋಚಿಸಿವೆ. ಹೆಗಲ ಮೇಲೆ ಎರಡು ಪದರಗಳು ಒಂದರ ಮೇಲೊಂದು ಹಾದುಹೋಗುವ ಅಂಗಿ ನೋಡಿರಬಹುದು. ತಲೆ ತೂರುವಾಗ ಆ ಪದರಗಳು ಸರಿದು ಜಾಗ ಕೊಡುತ್ತವೆ, ತೊಟ್ಟ ಮೇಲೆ ಕತ್ತಿಗೆ ಒಪ್ಪವಾಗಿ ಕೂರುತ್ತವೆ. ಮಲ ಸೋರಿ ಬೆನ್ನಿಗೆಲ್ಲ ಹತ್ತಿದಾಗ ಅಂಥ ಅಂಗಿಯನ್ನು ತಲೆಯ ಮೇಲಿಂದ ತೆಗೆಯಬೇಕಿಲ್ಲ, ಹೆಗಲಿನಿಂದ ಕೆಳಕ್ಕೆ ಎಳೆದು ಕಾಲಿನ ಕಡೆಯಿಂದ ಬಿಡಿಸಬಹುದು. ಇದು ಎಷ್ಟೋ ತಾಯಂದಿರಿಗೆ ಗೊತ್ತಿಲ್ಲ.

ಕತ್ತು ಒಪ್ಪವಾಗಿ ಕೂರಲೇಬೇಕು ಎಂಬುದಕ್ಕೆ ಕಾರಣವಿದೆ. ಅಂಗಿ ಅಳತೆ ಮೀರಿ ದೊಡ್ಡದಾದರೆ ಮಲಗಿದ ಮಗುವಿನ ಕತ್ತಿನ ಬಟ್ಟೆ ಮೇಲೆ ಸರಿದು ಬಾಯಿ ಮೂಗನ್ನು ಮುಚ್ಚಬಹುದು. ಹಸುಗೂಸಿಗೆ ಅದನ್ನು ಸರಿಸಿಕೊಳ್ಳಲು ಬರುವುದಿಲ್ಲ. ‘ಹೇಗೂ ಬೆಳೆಯುತ್ತದೆ, ಎರಡು ಸೈಜು ದೊಡ್ಡದೇ ತಗೋ’ ಎಂಬ ಮಾತು ಹಬ್ಬದ ಫ್ರಾಕಿಗೆ ಸರಿ. ರಾತ್ರಿ ಮಲಗಿಸುವ ಅಂಗಿಗೆ ಬೇಡ. ಒಂದು ಅಳತೆ ದೊಡ್ಡದಾದರೆ ತೋಳು ಮಡಿಸಿ ನಿಭಾಯಿಸಬಹುದು, ಅದಕ್ಕಿಂತ ಮೇಲೆ ಬೇಡವೇ ಬೇಡ.

ಅಮೆರಿಕದಲ್ಲಿ ಮಕ್ಕಳ ಬಟ್ಟೆಯನ್ನು ಬಿಗಿಯಾಗಿ ಹೊಲಿಯಲು ಬೆಂಕಿ ತಡೆಯುವ ಕಾನೂನು ಕಾರಣ ಎಂದು ಅಲ್ಲಿರುವ ಬಂಧುಗಳಿಂದ ಕೇಳಿರಬಹುದು. ಕಾನೂನು ಇರುವುದು ನಿಜ. ಮಕ್ಕಳ ರಾತ್ರಿ ಉಡುಪು ಬೇಗ ಹೊತ್ತಿಕೊಳ್ಳದ ಬಟ್ಟೆಯದಾಗಿರಬೇಕು, ಇಲ್ಲವೇ ಮೈಗೆ ಅಂಟಿ ಕೂರುವಷ್ಟು ಬಿಗಿಯಾಗಿರಬೇಕು. ಆದರೆ 1996ರ ತಿದ್ದುಪಡಿಯ ಪ್ರಕಾರ 9 ತಿಂಗಳು ಮತ್ತು ಅದಕ್ಕಿಂತ ಚಿಕ್ಕ ಅಳತೆಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ಆದ್ದರಿಂದ ನ್ಯೂಬಾರ್ನ್ ಅಂಗಿ ಚಿಕ್ಕದಾಗಲು ಅದು ಕಾರಣವಲ್ಲ. ಅಲ್ಲಿಂದ ತಂದ ‘12 ತಿಂಗಳ’ ಹತ್ತಿಯ ರಾತ್ರಿ ಉಡುಪು ಅದೇ ಅಳತೆಯ ಹಗಲಿನ ಅಂಗಿಗಿಂತ ಬಿಗಿಯಾಗಿದ್ದರೆ ಮಾತ್ರ ಈ ಕಾನೂನನ್ನು ನೆನೆಯಬಹುದು.

ಇನ್ನು ಒಗೆತ. ಹಸುಗೂಸಿನ ಅಂಗಿಗಳೆಲ್ಲ ಹೆಚ್ಚಾಗಿ ಹತ್ತಿಯ ಹೆಣಿಗೆ ಬಟ್ಟೆಯವು, ನಾವು ಬನಿಯನ್ ಬಟ್ಟೆ ಎನ್ನುತ್ತೇವಲ್ಲ ಅದು. ನಮ್ಮಲ್ಲಿ ಸಿಗುವ ಇಂಥ ಬಟ್ಟೆಗೆ ತಮಿಳುನಾಡಿನ ತಿರುಪ್ಪೂರು ದೊಡ್ಡ ತವರು. ಯಂತ್ರದಲ್ಲಿ ಹೆಣೆಯುವಾಗ, ಬಣ್ಣ ಹಾಕುವಾಗ, ಒಣಗಿಸುವಾಗ ನೂಲಿನ ಕುಣಿಕೆಗಳು ಉದ್ದಕ್ಕೆ ಎಳೆದುಕೊಂಡಿರುತ್ತವೆ. ನೀರು ಸೋಕಿದ ಕೂಡಲೇ ಅವು ತಮ್ಮ ಸಹಜ ಸ್ಥಿತಿಗೆ ಮರಳುತ್ತವೆ. ಉದ್ದ ಕುಗ್ಗಿ ಕೆಲವೊಮ್ಮೆ ಅಗಲ ಹೆಚ್ಚುತ್ತದೆ. ಒಳ್ಳೆಯ ಕಾರ್ಖಾನೆಗಳು ಕತ್ತರಿಸುವ ಮೊದಲೇ ಬಟ್ಟೆಯನ್ನು ಹಬೆ ಕೊಟ್ಟು ಕಾಂಪ್ಯಾಕ್ಟಿಂಗ್ ಯಂತ್ರದಲ್ಲಿ ಕುಗ್ಗಿಸಿಕೊಳ್ಳುತ್ತವೆ. ಹಾಗೆ ಮಾಡಿದ ಮೇಲೂ ಶೇಕಡಾ 5ರಷ್ಟು ಕುಗ್ಗುವುದನ್ನು ವ್ಯಾಪಾರದಲ್ಲಿ ಸಾಮಾನ್ಯವಾಗಿ ಒಪ್ಪುತ್ತಾರೆ. ಆ ಹಂತವನ್ನು ಬಿಟ್ಟ ಅಗ್ಗದ ಬಟ್ಟೆ ಇನ್ನೂ ಹೆಚ್ಚು ಕುಗ್ಗುತ್ತದೆ.

ಶೇಕಡಾ 5 ಕೇಳಲು ಅಲ್ಪ. ಪಾದದವರೆಗೂ ಮುಚ್ಚುವ 56ರ ಅಳತೆಯ ಸ್ಲೀಪ್‌ಸೂಟಿನ ಉದ್ದದಲ್ಲಿ ಅದು ಮೂರು ಸೆಂಟಿಮೀಟರಿಗೆ ಹತ್ತಿರ. ಎರಡು ಅಳತೆಗಳ ನಡುವಿನ ಅಂತರವೇ ಆರು ಸೆಂಟಿಮೀಟರು, ಅದರಲ್ಲಿ ಅರ್ಧ ಮೊದಲ ಒಗೆತದಲ್ಲೇ ಹೋಯಿತು. ಇದನ್ನು ಬರೆಯುವ ಮೊದಲು ಒಂದು ಹೊಸ ರಾಂಪರನ್ನು ಮೇಜಿನ ಮೇಲೆ ಹರವಿ, ಹೆಗಲ ತುದಿಯಿಂದ ಸಂದಿಯ ಬಟನ್‌ವರೆಗೆ ಟೇಪು ಹಿಡಿದೆ. 35.5 ಸೆಂ.ಮೀ. ಇತ್ತು. ನಮ್ಮ ಮನೆಗಳಲ್ಲಿ ಮಕ್ಕಳ ಬಟ್ಟೆಗೆ ಮಾಡುವಂತೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಹಾಕಿ ಮತ್ತೆ ಅಳೆದಾಗ 34 ಬಂತು. ಪಕ್ಕದಲ್ಲಿ ಒಗೆಯದ ಇನ್ನೊಂದನ್ನು ಇಟ್ಟರೆ ಎರಡಕ್ಕೂ ಒಂದೇ ಚೀಟಿ ಇದೆ ಎಂದು ನಂಬುವುದು ಕಷ್ಟ. ಹೊಸ ಅಂಗಿಯನ್ನು ಒಗೆದೇ ತೊಡಿಸಬೇಕು ಎಂಬುದು ಮಗುವಿನ ಚರ್ಮಕ್ಕಾಗಿ ಹೇಳುವ ಮಾತು. ಅಳತೆಗೂ ಅದೇ ಒಳ್ಳೆಯದು, ನಿಜವಾದ ಸೈಜು ಒಗೆದ ಮೇಲೆಯೇ ತಿಳಿಯುವುದು.

ಹಾಗಾದರೆ ಬಟ್ಟೆ ಚಿಕ್ಕದಾಯಿತು ಎಂದು ಗೊತ್ತಾಗುವುದು ಹೇಗೆ? ಬಟನ್ ಹಾಕಲು ಎಳೆಯಬೇಕಾಗಿ ಬಂದರೆ, ಹಾಕಿದ ಮೇಲೆ ಕತ್ತಿನ ಪಟ್ಟಿ ಕೆಳಕ್ಕೆ ಜಗ್ಗಿದರೆ, ತೊಡೆಯ ಬುಡದಲ್ಲಿ ಕೆಂಪು ಗೆರೆ ಮೂಡಿದರೆ ಉದ್ದ ಸಾಲುತ್ತಿಲ್ಲ ಎಂದರ್ಥ. ಪಾದ ಮುಚ್ಚುವ ಉಡುಪಿನಲ್ಲಿ ಇನ್ನಷ್ಟು ಎಚ್ಚರ ಬೇಕು. ಮಗುವಿನ ಕಾಲನ್ನು ಮೆಲ್ಲಗೆ ನೇರ ಮಾಡಿದಾಗ ಬೆರಳುಗಳು ಬಟ್ಟೆಗೆ ಒತ್ತಿ ಮಡಿಸಿಕೊಳ್ಳುತ್ತಿದ್ದರೆ ಆ ಉಡುಪನ್ನು ಅಂದೇ ಬಿಡಬೇಕು. ಮಗು ಕಾಲು ಮಡಿಸಿಕೊಂಡೇ ಇರುವುದರಿಂದ ಈ ಬಿಗಿ ಹೊರಗಿನಿಂದ ಕಾಣುವುದಿಲ್ಲ.

ನಮ್ಮ ಹಳೆಯ ಜಬಲಾಕ್ಕೆ ಈ ಪಾಡು ಇಲ್ಲ. ಮುಂದೆಯೋ ಹಿಂದೆಯೋ ತೆರೆದು ದಾರದಿಂದ ಕಟ್ಟುವ ಆ ಅಂಗಿಗೆ ಸಂದಿಯಲ್ಲಿ ಮುಚ್ಚಳವಿಲ್ಲ, ಆದ್ದರಿಂದ ಉದ್ದ ಸಾಲದೆ ಹೋಗುವ ಪ್ರಶ್ನೆಯೇ ಇಲ್ಲ. ಕಟ್ಟನ್ನು ಸಡಿಲಿಸುತ್ತ ಹೋದರೆ ಒಂದೇ ಜಬಲಾ ಎರಡು ಮೂರು ತಿಂಗಳು ಬರುತ್ತದೆ. ಹೊಕ್ಕುಳ ಬಳ್ಳಿ ಉದುರುವ ತನಕ ಹೊಟ್ಟೆಗೆ ಒತ್ತದಿರುವುದೂ ಒಂದು ಅನುಕೂಲ. ಹೊರಗೆ ಕರೆದೊಯ್ಯುವಾಗ ರಾಂಪರ್ ತೊಡಿಸಲಿ, ಮೊದಲ ತಿಂಗಳು ಮನೆಯಲ್ಲಿ ಜಬಲಾಕ್ಕಿಂತ ಜಾಣ ಉಡುಪು ನನಗೆ ಕಂಡಿಲ್ಲ.

ಭಾರತದ ಮಕ್ಕಳಿಗೇ ಎಂದು ಮಾಡಿದ ಅಳತೆಯ ಪಟ್ಟಿ ಇದ್ದರೆ ಚೆನ್ನಾಗಿತ್ತು. ಫ್ಯಾಷನ್ ಸಂಸ್ಥೆ ನಿಫ್ಟ್ ಕೈಗೆತ್ತಿಕೊಂಡ ‘ಇಂಡಿಯಾಸೈಜ್’ ಸಮೀಕ್ಷೆ ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ ಜನರನ್ನು ಸ್ಕ್ಯಾನರ್‌ನಿಂದ ಅಳೆಯುವ ಯೋಜನೆ. ಆದರೆ ಅದು 15ರಿಂದ 65 ವರ್ಷದವರಿಗೆ. ಕೂಸುಗಳು ಆ ಲೆಕ್ಕದಲ್ಲಿಲ್ಲ. ಹೊರದೇಶದ ಪಟ್ಟಿ ಹಿಡಿದು ಹೊಲಿದ ಬಟ್ಟೆ ನಮ್ಮಲ್ಲಿ ಕೆಲವರಿಗೆ ದೊಡ್ಡದೂ ಆಗುತ್ತದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ಬ್ರಿಟನ್ನಿನ ಅಳತೆಯ ನ್ಯೂಬಾರ್ನ್ ಅಂಗಿ ತಿಂಗಳುಗಟ್ಟಲೆ ಜೋಲುತ್ತದೆ. ಅಂಥ ಮಗುವಿನ ಮನೆಗೆ ‘0–3’ ಉಡುಗೊರೆ ಒಯ್ಯುವುದು ಒಳ್ಳೆಯ ಮನಸ್ಸೇ ಆದರೂ ಸದ್ಯಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಸರಿಯಾದ ಅಂಕಿ ಬೇಕಾದವರು ಅಂಗಡಿಗೆ ಹೋಗುವ ಮುನ್ನ ತಾಯಿ ಕಾರ್ಡ್ ತೆರೆದು ನೋಡಲಿ. ಹುಟ್ಟಿದ ತೂಕ ಅದರಲ್ಲಿದೆ. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗೆ ಹೋದಾಗಲೂ ಮಗುವನ್ನು ತೂಗಿಸಿಕೊಳ್ಳಬಹುದು. ಕೊನೆಯ ಬಾರಿ ತೂಗಿದ ಮೇಲೆ ಕಳೆದ ದಿನಗಳಿಗೆ ದಿನಕ್ಕೆ 30 ಗ್ರಾಂನಂತೆ ಸೇರಿಸಿದರೆ ಮೊದಲ ಮೂರು ತಿಂಗಳ ಮಟ್ಟಿಗೆ ಇವತ್ತಿನ ತೂಕದ ಅಂದಾಜು ಸಿಗುತ್ತದೆ. ಚೀಟಿಯಲ್ಲಿ ಬರೆದ ತೂಕದ ಮೇಲಿನ ಮಿತಿಗೂ ಇದಕ್ಕೂ ಅರ್ಧ ಕಿಲೋ ಅಂತರವಾದರೂ ಇರಲಿ, ಆಗ ಅಂಗಿ ಎರಡು ವಾರಕ್ಕೂ ಮೀರಿ ಬಂದೀತು. ಹೆರಿಗೆಗೆ ಮೊದಲೇ ಕೊಳ್ಳುವ ರೂಢಿ ಇರುವ ಮನೆಯವರು ನ್ಯೂಬಾರ್ನ್ ಅಳತೆಯಲ್ಲಿ ನಾಲ್ಕೈದು ಅಂಗಿ ತಂದು, ಉಳಿದ ದುಡ್ಡನ್ನು ಮುಂದಿನ ಅಳತೆಗೆ ಇಟ್ಟುಕೊಳ್ಳುವುದು ವಾಸಿ. ನಾಮಕರಣಕ್ಕೆ ಕೊಡುವವರು 3–6 ತಿಂಗಳಿನದನ್ನೇ ಕೊಡಲಿ.

ಅಕ್ಕನ ಮಗುವಿಗೆ ಆಗಿ ಉಳಿದ ಬಟ್ಟೆಗಳು ಬಂದರೆ ಅವುಗಳ ಚೀಟಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹತ್ತಾರು ಸಲ ಬಿಸಿನೀರು ಕಂಡ 62ರ ಅಂಗಿ ಹೊಸ 56ಕ್ಕೆ ಸಮನಾಗಿರಬಹುದು. ಈಗ ಮಗುವಿಗೆ ಸರಿಯಾಗಿ ಹಿಡಿಸುತ್ತಿರುವ ಒಂದು ಅಂಗಿಯನ್ನು ಹಾಸಿಗೆಯ ಮೇಲೆ ಹರವಿ, ಹಳೆಯವನ್ನು ಒಂದೊಂದಾಗಿ ಅದರ ಮೇಲೆ ಹೆಗಲಿಗೆ ಹೆಗಲು ಕೂಡಿಸಿ ಇಟ್ಟು ನೋಡಿ. ಸಂದಿಯ ಬಟನ್ ಎರಡು ಬೆರಳಿನಷ್ಟು ಕೆಳಗೆ ಬಂದದ್ದು ಮುಂದಿನ ತಿಂಗಳಿಗೆ, ಸಮ ಬಂದದ್ದು ಈ ವಾರಕ್ಕೆ. ಮೇಲೆ ನಿಂತದ್ದನ್ನು ಇನ್ನೊಂದು ಬಾಣಂತಿಯ ಮನೆಗೆ ಕಳಿಸಬಹುದು.